ಯಾದಿಯಲ್ಲಿ ಬರೆಯದ ಸಾಲ

ನಮ್ಮ ಕಲಬುರಗಿ ಕಡೆ ಮದುವೆ ಗಟ್ಟಿಯಾದ ಮೇಲೆ ಯಾದಿ ಬರೆಯುತ್ತಾರೆ. ಎರಡೂ ಕಡೆಯ ಹಿರಿಯರು ಕೂತು, ಯಾರು ಎಷ್ಟು ತೊಲ ಹಾಕಬೇಕು, ಬಟ್ಟೆ ಯಾರದು, ಊಟ ಯಾರದು, ಬಾಂಡೆ ಸಾಮಾನು ಏನೇನು ಅಂತ ಒಂದೊಂದಾಗಿ ಬರೆಸುತ್ತಾರೆ. ಬೀಗರು ಬರುವ ಗಾಡಿಯ ಬಾಡಿಗೆ ಕೂಡ ಬಿಡುವುದಿಲ್ಲ. ಕೆಲವರಂತೂ ಯಾದಿ ಮುಗಿದ ಕೂಡಲೇ ಅಲ್ಲೇ ಅಕ್ಷತೆ ಹಾಕಿಸಿಬಿಡುತ್ತಾರೆ. ‘ಯಾದಿ ಮ್ಯಾಲ ಶಾದಿ’ ಅನ್ನುವುದು ಅದಕ್ಕೇ. ಇಷ್ಟೆಲ್ಲ ಬರೆಯುವ ಆ ಹಾಳೆಯಲ್ಲಿ ಹುಡುಗನ ಸಾಲ ಎಷ್ಟು, ಹುಡುಗಿಯ ಸಾಲ ಎಷ್ಟು ಅನ್ನುವುದಕ್ಕೆ ಒಂದು ಸಾಲೂ ಇರುವುದಿಲ್ಲ.

ಆಮೇಲೆ ಗೊತ್ತಾದಾಗ “ಮುಚ್ಚಿಟ್ಟರು” ಅನ್ನುತ್ತೇವೆ. ಕೆಲವರು ಮುಚ್ಚಿಡುವುದು ನಿಜವೇ. ಆದರೆ ನನಗನ್ನಿಸುವ ಮಟ್ಟಿಗೆ ಜಾಸ್ತಿ ಜನ ಮುಚ್ಚಿಡುವುದಿಲ್ಲ, ಅದನ್ನು ತಮ್ಮ ಸಾಲ ಅಂತ ಎಣಿಸಿರುವುದೇ ಇಲ್ಲ. ಕಾಕಾನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದವನಿಗೆ ಅದು ಕಾಕಾನ ಸಾಲ. ಅವ್ವನ ಸಂಘದ ಕಂತು ಪ್ರತಿ ತಿಂಗಳು ತಾನೇ ಕಟ್ಟುವವನಿಗೆ ಅದು ಅವ್ವನ ಸಾಲ. ಹಾಗಾಗಿ “ನಿಮಗೆ ಸಾಲ ಅದ ಏನ್ರಿ?” ಅಂತ ಕೇಳಿದರೆ “ಇಲ್ರಿ” ಅನ್ನುತ್ತಾನೆ. ಸುಳ್ಳೇನೂ ಹೇಳಲಿಲ್ಲ ಅಂತಲೇ ಅವನ ನಂಬಿಕೆ.

ಅದಕ್ಕೇ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಬೇಕು. ಸಾಲ ಯಾರ ಹೆಸರಲ್ಲಿದೆ? ಕಂತು ಕಟ್ಟುವವರು ಯಾರು? ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. ನನ್ನ ಹೆಸರಲ್ಲಿದ್ದು ನಾನೇ ಕಟ್ಟುವ ಸಾಲ ಎಲ್ಲರಿಗೂ ನೆನಪಿರುತ್ತದೆ. ನನ್ನ ಹೆಸರಿದ್ದು ಬೇರೆಯವರು ಕಟ್ಟುವುದು ಮರೆತುಹೋಗಿರುತ್ತದೆ. ಬೇರೆಯವರ ಹೆಸರಲ್ಲಿದ್ದು ನಾನು ಕಟ್ಟುವುದು ಲೆಕ್ಕಕ್ಕೇ ಬಂದಿರುವುದಿಲ್ಲ. ತೊಂದರೆ ಬರುವುದು ಕೊನೆಯ ಎರಡರಿಂದ.

ಲೆಕ್ಕಕ್ಕೆ ಅಂತ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳೋಣ. ಹುಡುಗನಿಗೆ 31. ಊರು ಚಿತ್ತಾಪುರದ ಕಡೆ, ಕೆಲಸ ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕಪತ್ರ ಬರೆಯುವುದು. ಕೈಗೆ ಬರುವ ಸಂಬಳ 38,000 ರೂಪಾಯಿ. ಹುಡುಗಿಗೆ 27, ಖಾಸಗಿ ಆಸ್ಪತ್ರೆಯಲ್ಲಿ ನರ್ಸ್, ಸಂಬಳ 24,000. ಮದುವೆಯಾದ ಮೇಲೆ ಊರ ಹೊರಗೆ ಒಂದು ಚಿಕ್ಕ ಮನೆ ಕೊಳ್ಳಲು ಇಬ್ಬರೂ ಸೇರಿ 25 ಲಕ್ಷ ಸಾಲ ತೆಗೆಯಬೇಕು ಅನ್ನುವುದು ಆಸೆ. ಹುಡುಗಿ ನೋಡುವುದು ಮುಗಿದಿದೆ, ಯಾದಿ ಇನ್ನೂ ಆಗಿಲ್ಲ. ಮಾತಾಡಲು ಇದೇ ಸರಿಯಾದ ಹೊತ್ತು. ಯಾದಿಯಾದ ಮೇಲೆ ಮದುವೆ ಮುಂದೆ ಹಾಕಿದರೂ ಹತ್ತು ಜನ ಹನ್ನೊಂದು ಮಾತಾಡುತ್ತಾರೆ.

ಶುರು ಮಾಡುವವರು ತಮ್ಮದನ್ನೇ ಮೊದಲು ಹೇಳಿಕೊಂಡರೆ ಮಾತು ತನಿಖೆಯಂತೆ ಕೇಳಿಸುವುದಿಲ್ಲ. ಹುಡುಗಿ ಫೋನಿನಲ್ಲಿ ಹೀಗೆ ಎತ್ತುತ್ತಾಳೆ ಅನ್ನಿ:

“ನನ್ನ ಹೆಸರಿಲೆ ನರ್ಸಿಂಗ್ ಓದಿನ ಸಾಲ ಅದರಿ. 3 ಲಕ್ಷ 20 ಸಾವಿರ ಉಳದದ. ತಿಂಗಳಿಗಿ 5,400 ಕಟ್ಟತೀನಿ, ಇನ್ನ ಏಳು ವರ್ಷ ಹಿಡೀತದ. ಲಗ್ನ ಆದ ಮ್ಯಾಲೂ ನಾನೇ ಕಟ್ಟತೀನಿ. ನಿಮ್ಮದು ಏನರೆ ಅದ ಏನ್ರಿ?”

“ಬೈಕಿಂದು ಅದರಿ. ಮತ್ತ ತಂಗಿ ಲಗ್ನಕ್ಕ ತಗೊಂಡಿದ್ದು ಒಂದು.”

“ಯಾರಿಗರೆ ಜಾಮೀನ ಹಾಕೀರೇನು?”

“ಅದು ಸುಮ್ನೆ ಸಹಿ ಮಾಡಿದ್ದಷ್ಟೇರಿ.”

ಈ ‘ಸುಮ್ನೆ ಸಹಿ’ಯನ್ನೇ ಬಿಡಿಸಿ ನೋಡಬೇಕು. ಅದಕ್ಕೆ ಮೊದಲು ಇಬ್ಬರೂ ತಮ್ಮ ತಮ್ಮ ಕ್ರೆಡಿಟ್ ವರದಿ ತೆಗೆದುಕೊಳ್ಳಲಿ. ನಮ್ಮ ಹೆಸರಲ್ಲಿರುವ ಸಾಲಗಳ, ಕಟ್ಟಿದ ಕಂತುಗಳ ದಾಖಲೆ ಅದು, ಜನ ಸಿಬಿಲ್ ಅಂತಲೇ ಕರೆಯುತ್ತಾರೆ. ನಮ್ಮ ದೇಶದಲ್ಲಿ ಈ ವರದಿ ಕೊಡುವ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2017ರಿಂದ ಈ ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಪ್ಯಾನ್ ನಂಬರ್ ಮತ್ತು ಬ್ಯಾಂಕಿಗೆ ಕೊಟ್ಟಿರುವ ಮೊಬೈಲ್ ನಂಬರ್ ಇದ್ದರೆ ಅವರವರ ಜಾಲತಾಣದಲ್ಲೇ ಸಿಗುತ್ತದೆ. ನಮ್ಮ ವರದಿ ನಾವೇ ನೋಡಿದರೆ ಅಂಕ ಕಡಿಮೆಯಾಗುತ್ತದೆ ಅನ್ನುವ ಹೆದರಿಕೆ ಬೇಡ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ನೋಡುವುದು ಬೇರೆ, ನಾವು ನೋಡಿಕೊಳ್ಳುವುದು ಬೇರೆ.

ವರದಿ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಅಂಕದ ಮೇಲೆ ಬೀಳುತ್ತದೆ. 300ರಿಂದ 900ರೊಳಗೆ ಒಂದು ಸಂಖ್ಯೆ. ಈಗ ಹುಡುಗನ ಜಾತಕದ ಜೊತೆ ಅದನ್ನೂ ಕೇಳುವವರಿದ್ದಾರೆ. ನನಗೆ ಇದು ಅರ್ಧ ದಾರಿಯ ಜಾಣತನ ಅನಿಸುತ್ತದೆ. ಒಂದೂ ಸಾಲ ಮಾಡದವನಿಗೆ ಅಂಕವೇ ಇರುವುದಿಲ್ಲ, ಅಷ್ಟಕ್ಕೇ ಅವನು ಕೆಟ್ಟವನಲ್ಲ. ಐದು ಕಡೆ ಸಾಲ ಮಾಡಿ ಕಂತು ತಪ್ಪಿಸದೆ ಕಟ್ಟುವವನಿಗೆ 780 ಇರಬಹುದು, ಅಷ್ಟಕ್ಕೇ ಅವನ ಕೈಯಲ್ಲಿ ದುಡ್ಡು ಉಳಿಯುತ್ತದೆ ಅಂತಲ್ಲ. ಅಂಕ ಬಿಟ್ಟು ಒಳಗಿನ ಪುಟಗಳಿಗೆ ಹೋಗಬೇಕು. ಅಲ್ಲಿ ಪ್ರತಿ ಖಾತೆಗೂ Ownership ಅಂತ ಒಂದು ಜಾಗ ಇರುತ್ತದೆ. Individual ಅಂತಿದ್ದರೆ ಒಬ್ಬರದೇ ಸಾಲ, Joint ಅಂತಿದ್ದರೆ ಜೊತೆಗಿನ ಸಾಲ, Guarantor ಅಂತಿದ್ದರೆ ಜಾಮೀನು.

ನಮ್ಮ ಹುಡುಗನ ವರದಿಯಲ್ಲಿ ನಾಲ್ಕು ಖಾತೆಗಳು ಕಾಣುತ್ತವೆ. ಬೈಕಿನ ಕಂತು 3,200, ಇನ್ನು 11 ತಿಂಗಳು. ತಂಗಿಯ ಮದುವೆಗೆ ತೆಗೆದ ಪರ್ಸನಲ್ ಲೋನ್ ಕಂತು 7,800, ಇನ್ನು 26 ತಿಂಗಳು. ಮೂರನೆಯದು ಅವನೇ ಮರೆತಿದ್ದ ಹಳೆಯ ಕ್ರೆಡಿಟ್ ಕಾರ್ಡ್. 18,000 ಬಾಕಿಯಿದ್ದಾಗ ವಸೂಲಿಯವರು “10,000 ಕಟ್ಟಿ, ಮುಗಿಸಿಬಿಡೋಣ” ಅಂದಿದ್ದರು, ಕಟ್ಟಿ ಮುಗಿಸಿದ್ದ. ವರದಿಯಲ್ಲಿ ಅದು ಮುಗಿದಿಲ್ಲ, Settled ಅಂತಿದೆ. ಅಂದರೆ ಪೂರ್ತಿ ಕಟ್ಟಲಿಲ್ಲ, ಬ್ಯಾಂಕು ಬಿಟ್ಟುಕೊಟ್ಟಿತು ಅಂತ ಅರ್ಥ. ಮನೆ ಸಾಲ ಕೊಡುವವರು ಇದನ್ನು ನೋಡಿ ಹಿಂದೆ ಸರಿಯಬಹುದು. ಉಳಿದ ಬಾಕಿ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಂಡು, Closed ಅಂತ ತಿದ್ದಿಸಲು ಬ್ಯಾಂಕನ್ನು ಕೇಳಬಹುದು. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕಾಗಿರುವುದರಿಂದ ತಿದ್ದುಪಡಿ ಕಾಣಲು ಈಗ ಮೊದಲಿನಷ್ಟು ಕಾಯಬೇಕಿಲ್ಲ.

ನಾಲ್ಕನೆಯದು ಕಾಕಾನ ಟ್ರ್ಯಾಕ್ಟರ್. ಬಾಕಿ 4 ಲಕ್ಷ 50 ಸಾವಿರ. ಆರು ತಿಂಗಳಿಗೊಂದು ಕಂತು. ಹಿಂದಿನ ಸಲ ತೊಗರಿಗೆ ನೆಟೆ ರೋಗ ಬಿದ್ದು ಒಂದು ಕಂತು ನಿಂತಿದೆ.

ಜಾಮೀನು ಅಂದರೆ ಸಾಕ್ಷಿ ಸಹಿ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಸಾಲಗಾರ ಕಟ್ಟದಿದ್ದರೆ ಬ್ಯಾಂಕು ಮೊದಲು ಅವನ ಬೆನ್ನು ಹತ್ತುತ್ತದೆ, ಅವನಲ್ಲಿ ಏನೂ ಸಿಗದಿದ್ದಾಗ ಮಾತ್ರ ನಮ್ಮ ಹತ್ತಿರ ಬರುತ್ತದೆ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ, ಕರಾರಿನಲ್ಲಿ ಬೇರೆ ಬರೆದಿದ್ದರೆ ಮಾತ್ರ ಬೇರೆ. ಬ್ಯಾಂಕು ಕಾಕಾನನ್ನು ಬಿಟ್ಟು ನೇರ ಹುಡುಗನ ಹತ್ತಿರವೇ ಬರಬಹುದು. ಕಾಕಾನಿಗೆ ತಿಂಗಳ ಸಂಬಳ ಇಲ್ಲ, ಹುಡುಗನಿಗೆ ಇದೆ. ಯಾರ ಹತ್ತಿರ ವಸೂಲಿ ಸುಲಭ ಅಂತ ಬ್ಯಾಂಕಿಗೆ ಗೊತ್ತು. ಸಹಕಾರ ಸಂಘದಲ್ಲಿ ಹಾಕಿದ ಜಾಮೀನಾಗಿದ್ದರೆ ಇನ್ನೊಂದನ್ನೂ ನೋಡಬೇಕು. ಸಂಬಳದಲ್ಲೇ ಹಿಡಿದುಕೊಳ್ಳಬಹುದು ಅಂತ ಆವತ್ತೇ ಒಪ್ಪಿಗೆ ಬರೆದುಕೊಟ್ಟಿದ್ದಾನಾ ಅಂತ.

“ಹಾಗಾದರೆ ಜಾಮೀನು ವಾಪಸ್ ತಗೊಂಡುಬಿಡಲಿ” ಅಂತ ಹುಡುಗಿಯ ಮನೆಯವರು ಹೇಳಬಹುದು. ಆಗುವುದಿಲ್ಲ. ಸಾಲದ ದುಡ್ಡು ಕಾಕಾನ ಕೈಗೆ ಹೋಗಿ ಟ್ರ್ಯಾಕ್ಟರ್ ಮನೆಗೆ ಬಂದಾಗಿದೆ. ಈಗ ಹುಡುಗ ಒಬ್ಬನೇ ಚೀಟಿ ಬರೆದುಕೊಟ್ಟು ಹೊರಗೆ ಬರುವ ಹಾಗಿಲ್ಲ. ಬೇರೆ ಜಾಮೀನುದಾರನನ್ನು ಕೊಟ್ಟರೆ ಬ್ಯಾಂಕು ಒಪ್ಪಬಹುದು, ಒಪ್ಪದೆಯೂ ಇರಬಹುದು. ಹಾಗಾಗಿ ಹುಡುಗಿ ಕೇಳಬೇಕಾದದ್ದು ಲೆಕ್ಕ. ಕಾಕಾನ ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ ಮೂರು ಸಂಗತಿ ನೋಡಬೇಕು: ಒಟ್ಟು ಉಳಿದದ್ದೆಷ್ಟು, ಅದರಲ್ಲಿ ಗಡುವು ದಾಟಿದ್ದೆಷ್ಟು, ಮುಂದಿನ ಕಂತು ಯಾವತ್ತು. ಜೊತೆಗೆ ಆ ಟ್ರ್ಯಾಕ್ಟರ್ ಇವತ್ತು ಮಾರಿದರೆ ಎಷ್ಟು ಬರುತ್ತದೆ ಅಂತ ಅಂದಾಜು. ಮೂರೂವರೆ ಲಕ್ಷ ಬರುವುದಾದರೆ ಹುಡುಗನ ನಿಜವಾದ ಅಪಾಯ ನಾಲ್ಕೂವರೆ ಲಕ್ಷ ಅಲ್ಲ, ಒಂದು ಲಕ್ಷ ಮತ್ತು ಬಡ್ಡಿ. ನಾಳೆ ಕಾಕಾನ ಬದಲು ತಾನು ಕಟ್ಟುವ ಪ್ರಸಂಗ ಬಂದರೆ ಹುಡುಗ ಕಾಕಾನ ಕೈಗೆ ದುಡ್ಡು ಕೊಡಬಾರದು. ತನ್ನ ಖಾತೆಯಿಂದ ಸಾಲದ ಖಾತೆಗೇ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು. ಕಟ್ಟಿದ್ದನ್ನು ಕಾಕಾನಿಂದ ವಸೂಲಿ ಮಾಡುವ ಹಕ್ಕು ಜಾಮೀನುದಾರನಿಗೆ ಇದೆ. ಮನೆಯೊಳಗೆ ಆ ಹಕ್ಕನ್ನು ಯಾರು ಚಲಾಯಿಸುತ್ತಾರೆ ಅನ್ನುವುದು ಬೇರೆ ಮಾತು.

ಹುಡುಗಿಯ ವರದಿಯಲ್ಲಿ ಓದಿನ ಸಾಲ ಇದೆ, ಅಪ್ಪನ ಹೆಸರೂ ಜೊತೆಗಿದೆ. ಅವಳು ಕಟ್ಟುವುದು ತಪ್ಪಿಸಿದರೆ ಅಪ್ಪನ ವರದಿಯೂ ಕೆಡುತ್ತದೆ. ಮದುವೆಯಾದ ಮೇಲೆ ಅವಳ ಸಂಬಳ ಎಲ್ಲಿಗೆ ಹೋಗಬೇಕು ಅನ್ನುವ ಮಾತು ಬಂದಾಗ ಇದು ಗಂಡನ ಮನೆಯವರಿಗೂ ಗೊತ್ತಿರಬೇಕು. ಅದರ ಕೆಳಗೆ ಇನ್ನೊಂದು ಖಾತೆ: ಬಂಗಾರದ ಮೇಲಿನ ಸಾಲ, ಒಂದೂವರೆ ಲಕ್ಷ. ಮದುವೆ ಖರ್ಚಿಗೆ ಅಂತ ಮನೆಯವರು ಅವಳ ಹೆಸರಲ್ಲೇ ತೆಗೆದದ್ದು. ಇದಕ್ಕೆ ತಿಂಗಳ ಕಂತಿಲ್ಲ, ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವುದು. ಕಂತು ಇಲ್ಲದ ಸಾಲ ಸಾಲದಂತೆ ಕಾಣುವುದಿಲ್ಲ. ಆದರೆ ಯಾದಿಯಲ್ಲಿ ‘ಹುಡುಗಿ ಮೈಮೇಲೆ ಐದು ತೊಲ’ ಅಂತ ಬರೆಸುವ ಬಂಗಾರದಲ್ಲಿ ಅರ್ಧ ಈಗ ಬ್ಯಾಂಕಿನ ಲಾಕರಿನಲ್ಲಿದೆ. ಇದನ್ನು ಅಕ್ಷತೆಯ ಹಿಂದಿನ ದಿನ ಹೇಳುವುದಕ್ಕಿಂತ ಈಗಲೇ ಹೇಳುವುದು ಒಳ್ಳೆಯದು, ಅಲ್ವಾ?

ಇಲ್ಲಿಗೆ ವರದಿ ಮುಗಿಯಿತು, ಸಾಲ ಮುಗಿಯಲಿಲ್ಲ. ನಮ್ಮ ಕಡೆ ಬೀಜ ಗೊಬ್ಬರಕ್ಕೆ ಅಡತ್ ಅಂಗಡಿಯಿಂದ ದುಡ್ಡು ತರುವುದು, ರಾಶಿಯಾದ ಮೇಲೆ ಮಾಲು ಅದೇ ಅಂಗಡಿಗೆ ಹಾಕಿ ಮಾರಾಟದ ಪಟ್ಟಿಯಲ್ಲಿ ಮುರಿದುಕೊಳ್ಳುವುದು ಹಳೆಯ ಪದ್ಧತಿ. ಆ ಲೆಕ್ಕ ಸಾವ್ಕಾರರ ವಹಿಯಲ್ಲಿರುತ್ತದೆ, ಸಿಬಿಲ್‌ನಲ್ಲಿ ಇರುವುದಿಲ್ಲ. ಕೈಸಾಲ, ಚೀಟಿ, ಕಿರಾಣಿ ಉದ್ರಿಯ ಕಥೆಯೂ ಅದೇ. ನಮ್ಮ ಹುಡುಗನ ಅಪ್ಪ ಅಡತ್ ಅಂಗಡಿಯಿಂದ 60,000 ತಂದಿದ್ದಾರೆ, ಎರಡು ರೂಪಾಯಿ ಬಡ್ಡಿ. ‘ಎರಡು ರೂಪಾಯಿ’ ಕೇಳಲು ಕಡಿಮೆ. ಅದು ತಿಂಗಳಿಗೆ ನೂರಕ್ಕೆ ಎರಡು, ಅಂದರೆ ವರ್ಷಕ್ಕೆ 24. ಆ 1,200 ರೂಪಾಯಿ ಬಡ್ಡಿಯನ್ನೂ ಅವ್ವನ ಸಂಘದ 2,400 ರೂಪಾಯಿಯನ್ನೂ ಹುಡುಗನೇ ಪ್ರತಿ ತಿಂಗಳು ಊರಿಗೆ ಕಳಿಸುತ್ತಾನೆ. ಇದನ್ನು ಹಿಡಿಯಲು ಸುಲಭ ದಾರಿ ಫೋನ್‌ಪೇ, ಗೂಗಲ್ ಪೇ ಹಿಸ್ಟರಿ. ಪ್ರತಿ ತಿಂಗಳು ಒಂದೇ ತಾರೀಖಿನ ಸುತ್ತ ಒಂದೇ ಹೆಸರಿಗೆ ಹೋಗುವ ಒಂದೇ ಮೊತ್ತ ಅಂದರೆ ಅದು ಕಂತು, ಹೆಸರು ಯಾರದಾದರೂ ಇರಲಿ.

ಹೊಲದ ಮೇಲಿನ ಸಾಲಕ್ಕೆ ಪಹಣಿ ನೋಡಬೇಕು. “ಹನ್ನೆರಡು ಎಕರೆ ಅದ” ಅಂತ ಹೇಳುವಾಗ ಯಾರೂ ಋಣದ ಕಾಲಂ ಓದುವುದಿಲ್ಲ. ಬ್ಯಾಂಕಿಗೆ ಹೊಲ ಬರೆದುಕೊಟ್ಟಿದ್ದರೆ ಬ್ಯಾಂಕಿನ ಹೆಸರು, ಮೊತ್ತ ಸಾಮಾನ್ಯವಾಗಿ ಪಹಣಿಯ 11ನೇ ಕಾಲಂನಲ್ಲೇ ಬಂದಿರುತ್ತದೆ. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಸಾಲ ತೀರಿದ ಮೇಲೂ ಹೆಸರು ತೆಗೆಸದೆ ಹಾಗೇ ಬಿಟ್ಟವರಿದ್ದಾರೆ. ಹಾಗಾಗಿ ಪಹಣಿಯಲ್ಲಿ ಋಣ ಕಂಡ ಕೂಡಲೇ ಗಾಬರಿಯಾಗದೆ ತೀರಿದೆಯಾ ಅಂತ ಮೊದಲು ಕೇಳಬೇಕು.

ಈಗ ಮನೆ ಸಾಲದ ಲೆಕ್ಕಕ್ಕೆ ಬರೋಣ. ಈ ಮಾತುಕತೆಯಿಂದ ಆಗುವ ನಿಜವಾದ ಲಾಭ ಇಲ್ಲೇ ಇರುವುದು. ಇಬ್ಬರ ಸಂಬಳ ಸೇರಿ 62,000. ಎಲ್ಲ ಕಂತು ಸೇರಿ ಅದರ ಅರ್ಧ ದಾಟಬಾರದು ಅಂತ ಬ್ಯಾಂಕು ಇಟ್ಟುಕೊಂಡಿದೆ ಅನ್ನೋಣ. ಬ್ಯಾಂಕಿನಿಂದ ಬ್ಯಾಂಕಿಗೆ ಇದು ಹೆಚ್ಚುಕಡಿಮೆ ಇರುತ್ತದೆ. ಅರ್ಧ ಅಂದರೆ 31,000. ಈಗಿರುವ ಕಂತುಗಳು 3,200, 7,800, 5,400, ಒಟ್ಟು 16,400. ಮನೆ ಸಾಲಕ್ಕೆ ಉಳಿದದ್ದು 14,600. ಎಂಟೂವರೆ ಪರ್ಸೆಂಟ್ ಬಡ್ಡಿ, 20 ವರ್ಷ ಅಂತ ಹಿಡಿದರೆ ಲಕ್ಷಕ್ಕೆ ಸುಮಾರು 868 ರೂಪಾಯಿ ಕಂತು ಬೀಳುತ್ತದೆ. ಹಾಗಾದರೆ ಅವರಿಗೆ ಸಿಗುವುದು 16 ಲಕ್ಷ 80 ಸಾವಿರದ ಆಸುಪಾಸು. ಬೇಕಾಗಿದ್ದು 25 ಲಕ್ಷ.

ಇದರಲ್ಲಿ ದಾರಿ ತೋರಿಸುವುದು ಆ ಪರ್ಸನಲ್ ಲೋನ್. 14 ಪರ್ಸೆಂಟ್ ಬಡ್ಡಿಯ ಲೆಕ್ಕದಲ್ಲಿ ಅದರ ಅಸಲು ಉಳಿದಿರುವುದು ಒಂದು ಮುಕ್ಕಾಲು ಲಕ್ಷ ಅಷ್ಟೇ. ಹುಡುಗನ ಮನೆಯವರು ತಮ್ಮ ಖರ್ಚಿನ ಮದುವೆ ಊಟವನ್ನೋ ಮೆರವಣಿಗೆಯನ್ನೋ ಸ್ವಲ್ಪ ಇಳಿಸಿ, ಆ ದುಡ್ಡಿನಲ್ಲಿ ಈ ಸಾಲ ತೀರಿಸಿದರೆ ತಿಂಗಳಿಗೆ 7,800 ಬಿಡುಗಡೆಯಾಗುತ್ತದೆ. ಮನೆ ಕಂತಿಗೆ 22,400 ಸಿಗುತ್ತದೆ. ಅಂದರೆ 25 ಲಕ್ಷ 80 ಸಾವಿರದವರೆಗೆ ಸಾಲ. ಮುಂಚೆ ಕಟ್ಟಿ ಮುಗಿಸಿದ್ದಕ್ಕೆ ದಂಡ ಎಷ್ಟು ಹಾಕುತ್ತಾರೆ ಅಂತ ಮೊದಲು ಕೇಳಿಕೊಳ್ಳಬೇಕು. ಉಲ್ಟಾ ನೋಡಿ. ಮದುವೆ ಜೋರಾಗಿ ಮಾಡಲು ಇನ್ನೂ 3 ಲಕ್ಷ ಪರ್ಸನಲ್ ಲೋನ್ ತೆಗೆದರೆ ಅದೇ ಬಡ್ಡಿಗೆ ನಾಲ್ಕು ವರ್ಷ ತಿಂಗಳಿಗೆ 8,200. ಮನೆಗೆ ಉಳಿಯುವುದು 6,400. ಸಿಗುವ ಮನೆ ಸಾಲ ಏಳು ಲಕ್ಷ ಚಿಲ್ಲರೆ. ಒಂದು ದಿನದ ಊಟಕ್ಕೂ ಮನೆಗೂ ನಂಟು ಹೀಗಿದೆ. ಎರಡೂ ಕಡೆಯ ಹಿರಿಯರ ಮುಂದೆ ಈ ನಾಲ್ಕು ಸಂಖ್ಯೆ ಇಟ್ಟರೆ ಮೆರವಣಿಗೆ ವಿಷಯದಲ್ಲಿ ಗಲಾಟೆ ಕಡಿಮೆಯಾಗುತ್ತದೆ ಅಂತ ನನ್ನ ಆಸೆ.

ಹುಡುಗನ ಸಾಲ ತೀರಿಸಲು ಹುಡುಗಿಯ ಅಪ್ಪ ದುಡ್ಡು ಕೊಡಲಿ ಅನ್ನುವ ಮಾತು ಇದೇ ಹೊತ್ತಿನಲ್ಲಿ ತಲೆ ಎತ್ತುತ್ತದೆ. ಅದಕ್ಕೆ ಏನೇ ಹೆಸರಿಟ್ಟರೂ ಅದು ವರದಕ್ಷಿಣೆ. 1961ರಿಂದ ಕೇಳುವುದು, ಕೊಡುವುದು, ತೆಗೆದುಕೊಳ್ಳುವುದು ಎಲ್ಲವೂ ಅಪರಾಧ. ಸಾಲದ ಮಾತು ಬಿಚ್ಚಿ ಆಡಬೇಕಾದದ್ದು ಗಂಡು ಹೆಣ್ಣು ಇಬ್ಬರ ನಡುವೆ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಬೀಗರ ನಡುವೆ ಮೊದಲು ಹೋದರೆ ಅದು ಚೌಕಾಸಿಯಾಗುತ್ತದೆ.

ಬ್ಯಾಂಕಿನ ಲೆಕ್ಕದಲ್ಲಿ ಊರಿಗೆ ಹೋಗುವ 3,600 ಇಲ್ಲ, ಗಮನಿಸಿದಿರಾ? ಬಂಗಾರ ಬಿಡಿಸಲು ಕೂಡಿಡಬೇಕಾದ ದುಡ್ಡೂ ಇಲ್ಲ. ಬ್ಯಾಂಕು 31,000 ಕಂತು ಕಟ್ಟಬಲ್ಲಿರಿ ಅಂದರೂ ಮನೆ ನಡೆಸುವ ಇವರಿಬ್ಬರಿಗೆ ಕೈಯಲ್ಲಿ ಉಳಿಯುವುದು 27,000 ಚಿಲ್ಲರೆ. ಕಾಕಾನ ಕಂತು ಮೈಮೇಲೆ ಬಿದ್ದರೆ ಅದರಲ್ಲೂ ಕಡಿತ. ಹಾಗಾಗಿ ಬ್ಯಾಂಕು ಕೊಡುವಷ್ಟನ್ನೂ ತೆಗೆದುಕೊಳ್ಳಬೇಕು ಅಂತೇನಿಲ್ಲ.

ಸಂಬಳ ಇದಕ್ಕಿಂತ ಕಡಿಮೆ ಇರುವ ಮನೆಗಳಿಗೆ ಇನ್ನೊಂದು ಮಾತು. ವರ್ಷದ ಆದಾಯ 3 ಲಕ್ಷದೊಳಗಿರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ಅದರಲ್ಲಿ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಎಲ್ಲರ ಕಂತು ಸೇರಿ ಆದಾಯದ ಅರ್ಧ ದಾಟಬಾರದು. ಹಾಗಾಗಿ ಮದುವೆಯಾದ ಮೇಲೆ ಹೆಂಡತಿ ಸಂಘದ ಸಾಲ ಕೇಳಲು ಹೋದಾಗ ಗಂಡನ ಹಳೆಯ ಕಂತುಗಳೂ ಲೆಕ್ಕಕ್ಕೆ ಬರುತ್ತವೆ.

ಹುಡುಗಿಯ ಕಡೆಯವರ ದೊಡ್ಡ ಭಯ ಬೇರೆ ಇರುತ್ತದೆ: ಮದುವೆಯಾದರೆ ಅವನ ಸಾಲ ಇವಳ ಕೊರಳಿಗೆ ಬೀಳುತ್ತದಾ? ಬೀಳುವುದಿಲ್ಲ. ತಾಳಿ ಕಟ್ಟಿದ್ದರಿಂದ ಇಬ್ಬರ ಕ್ರೆಡಿಟ್ ವರದಿ ಒಂದಾಗುವುದಿಲ್ಲ. ಅವಳ ಸ್ತ್ರೀಧನ ಅವಳದೇ. ಧರ್ಮದ ರೂಢಿಯಂತೆ ಹೆಣ್ಣು ಮೈಯಿಂದ ತೆಗೆಯಬಾರದ ಒಡವೆಯನ್ನು, ಅಂದರೆ ತಾಳಿಯಂಥದ್ದನ್ನು, ಕೋರ್ಟೂ ಜಪ್ತಿ ಮಾಡುವಂತಿಲ್ಲ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂನಲ್ಲಿದೆ. ಗಂಡ ತೀರಿಹೋದರೆ ಅವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಅವನಿಗೆ ಸಾಲ ಕೊಟ್ಟವರು ಬರಬಹುದು, ಅವಳ ಸ್ವಂತದ್ದಕ್ಕಲ್ಲ. ಇದೆಲ್ಲ ಬದಲಾಗುವುದು ಅವಳು ಸಹಿ ಹಾಕಿದ ದಿನ. ಸಹ ಸಾಲಗಾರಳೋ ಜಾಮೀನುದಾರಳೋ ಆದ ದಿನದಿಂದ ಆ ಸಾಲ ಪೂರ್ತಿ ಅವಳದೂ ಹೌದು, ಅರ್ಧ ಅಲ್ಲ. ಮದುವೆಯಾದ ಹೊಸದರಲ್ಲಿ “ಇಲ್ಲೊಂದು ಸಹಿ ಮಾಡವ್ವ” ಅಂತ ಮಾವ ಕಾಗದ ಚಾಚಿದಾಗ ಬೇಡ ಅನ್ನುವುದು ಕಷ್ಟ. ಹಳೆಯ ಸಾಲ ಯಾವುದಕ್ಕೂ ಹೊಸ ಸಹಿ ಇಲ್ಲ ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆ, ಆವತ್ತು ಬೇಡ ಅನ್ನುವವನು ಗಂಡನಾಗುತ್ತಾನೆ.

ಕಾಗದ ತೋರಿಸುವಾಗ ಒಂದು ಎಚ್ಚರ ಬೇಕು. ವರದಿಯ ಪಿಡಿಎಫ್‌ನಲ್ಲಿ ಪ್ಯಾನ್, ಹುಟ್ಟಿದ ದಿನ, ವಿಳಾಸ, ಖಾತೆ ನಂಬರು ಎಲ್ಲ ಇರುತ್ತವೆ. ವಾಟ್ಸಾಪಿನಲ್ಲಿ ಮಧ್ಯಸ್ಥಿಕೆಯವರಿಗೆ ಕಳಿಸಿದರೆ ಅದು ಎಷ್ಟು ಫೋನಿಗೆ ಹೋಗುತ್ತದೆ ಅಂತ ಹೇಳಲಾಗದು. ಎದುರು ಕೂತು ಒಂದೇ ಫೋನಿನಲ್ಲಿ ನೋಡಿದರೆ ಸಾಕು. “ಪ್ಯಾನ್ ಕಾರ್ಡ್ ಕಳಿಸ್ರಿ, ಓಟಿಪಿ ಬರತದ ಹೇಳ್ರಿ, ನಾವೇ ತೆಗೀತೀವಿ” ಅನ್ನುವವರಿಗೆ ಕೊಡಬೇಡಿ. ಅದೇ ಎರಡನ್ನು ಇಟ್ಟುಕೊಂಡು ನಿಮ್ಮ ಹೆಸರಲ್ಲಿ ಸಾಲವನ್ನೂ ತೆಗೆಯಲು ನೋಡುವವರಿದ್ದಾರೆ.

ನಮ್ಮ ಜೋಡಿ ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ತಮ್ಮದೇ ಯಾದಿ ಬರೆದುಕೊಳ್ಳುತ್ತದೆ ಅನ್ನಿ. ಪರ್ಸನಲ್ ಲೋನ್ ಮದುವೆಗೆ ಮೊದಲೇ ಮುಗಿಸುವುದು, ಹುಡುಗನ ಕಡೆಯ ಊಟದಲ್ಲಿ 400 ಎಲೆ ಕಡಿಮೆ. ಕಾರ್ಡಿನ ಬಾಕಿ ಕಟ್ಟಿ ಪತ್ರ ತರುವುದು. ಓದಿನ ಸಾಲ ಅವಳ ಸಂಬಳದಿಂದಲೇ, ಆ 5,400ರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಬಾರದು. ಅವ್ವನ ಸಂಘದ್ದು ಮುಗಿಯುವವರೆಗೆ ಅವನೇ ಕಟ್ಟುವುದು, ಹೊಸದಾಗಿ ತೆಗೆಯುವುದಾದರೆ ಇವಳಿಗೂ ಹೇಳುವುದು. ಟ್ರ್ಯಾಕ್ಟರಿನ ಮುಂದೆ ಮಾತ್ರ ಏನೂ ಬರೆಯಲಾಗದೆ ಖಾಲಿ ಬಿಟ್ಟಿದ್ದಾರೆ. ತೊಗರಿ ರಾಶಿ ಜನವರಿಗೆ ಮುಗಿಯುತ್ತದೆ, ಮಾಲು ಮಾರಿ ಪಟ್ಟಿ ಆದ ಮೇಲೆ ನಿಂತ ಕಂತು ಕಟ್ಟುತ್ತೇನೆ ಅಂತ ಕಾಕಾ ಅಂದಿದ್ದಾನೆ. ಮಾರ್ಚಿನಲ್ಲಿ ಇನ್ನೊಂದು ಕಂಪನಿಯ ಪುಕ್ಕಟೆ ವರದಿ ತೆಗೆದು ಆ ಜಾಗ ನೋಡುವುದು. ಮನೆ ಸಾಲದ ಅರ್ಜಿ ಅದಾದ ಮೇಲೆ.